ಕೊನೆಯ ಸ್ಕ್ಯಾನ್ ಎಲ್ಲಿ ನಿಂತಿದೆ?

ಇಳಕಲ್ಲಿನ ನಿವೃತ್ತ ಶಿಕ್ಷಕಿಯೊಬ್ಬರು ಮೈಸೂರಿನಲ್ಲಿರುವ ತಂಗಿಯ ಮನೆಯ ಮದುವೆಗೆಂದು ಮೂರು ಸೀರೆ ಕೊಂಡು ಕೊರಿಯರ್‌ನಲ್ಲಿ ಕಳಿಸಿದರು ಎಂದಿಟ್ಟುಕೊಳ್ಳೋಣ. ಬುಕ್ ಮಾಡಿದ ದಿನ 2025ರ ಮಾರ್ಚ್ 3, ಸೋಮವಾರ. ಪಾರ್ಸೆಲ್ ಮಾರ್ಚ್ 7ಕ್ಕೆ ತಲುಪುತ್ತದೆ ಎಂದು ಕೌಂಟರಿನವರು ಹೇಳಿದ್ದರು. ತಲುಪಲಿಲ್ಲ. ಫೋನ್ ಮಾಡಿದರೆ ಸಿಕ್ಕ ಉತ್ತರ, "ಲೈನ್‌ನ್ಯಾಗ ಐತ್ರೀ ಅಕ್ಕಾರ, ಇನ್ನೆರಡು ದಿನಾ ನೋಡ್ರಿ." ಆ ಎರಡು ದಿನವೂ ಕಳೆದವು. ಮದುವೆಯೂ ಮುಗಿಯಿತು. ಕಂಪನಿಯ ತಾಣದಲ್ಲಿ ಮಾತ್ರ ಇವತ್ತಿಗೂ In Transit ಎಂದೇ ಬರುತ್ತಿದೆ.

ಪ್ರಕರಣ ಕಲ್ಪಿತ. ಆದರೆ ಇಂಥದ್ದು ಆಗದ ಊರಿಲ್ಲ. ಬಹಳ ಮಂದಿ ಇಲ್ಲಿಗೆ ಬಂದು ಕೈಚೆಲ್ಲುತ್ತಾರೆ, ಇಲ್ಲವೇ ಸಿಟ್ಟಿನಲ್ಲಿ ನಾಲ್ಕು ಸಾಲು ಬರೆದು ಸುಮ್ಮನಾಗುತ್ತಾರೆ. ಕಂಪನಿಯವರು ತಳ್ಳಿಹಾಕಲಾಗದ ದೂರು ಬೇರೆ ಥರದ್ದು. ಅದು ಪಾರ್ಸೆಲ್ಲಿನ ಜಾಡನ್ನು ಅವರದೇ ದಾಖಲೆಯಿಂದ ಹಿಡಿಯುತ್ತದೆ, ಒಂದು ಮೊತ್ತ ಕೇಳುತ್ತದೆ, ಒಂದು ತಾರೀಖು ಕೊಡುತ್ತದೆ. ಅಂಥ ಪತ್ರ ಬರೆಯಲು ವಕೀಲರೇ ಬೇಕೆಂದಿಲ್ಲ. ರಸೀದಿ ಓದಲು ಬರಬೇಕು, ಟ್ರ್ಯಾಕಿಂಗ್ ಓದಲು ಬರಬೇಕು, ಅಷ್ಟೆ.

ಮೊದಲು ಟ್ರ್ಯಾಕಿಂಗ್. ಕೊರಿಯರಿನವರು ಇದನ್ನು ಡಾಕೆಟ್ ನಂಬರ್ ಎನ್ನುತ್ತಾರೆ, ಎಡಬ್ಲ್ಯೂಬಿ ನಂಬರ್ ಎಂದೂ ಹೇಳುವುದುಂಟು. ನಮ್ಮ ಶಿಕ್ಷಕಿಯ ಡಾಕೆಟ್ ನಂಬರ್ 71840026319 ಎಂದುಕೊಳ್ಳಿ. ಅದನ್ನು ಹಾಕಿ ನೋಡಿದಾಗ ನಾಲ್ಕು ಸಾಲು ಕಾಣುತ್ತವೆ. ಮಾರ್ಚ್ 3ರ ಸಂಜೆ 5.40ಕ್ಕೆ ಇಳಕಲ್ಲಿನಲ್ಲಿ ಬುಕಿಂಗ್. ಮಾರ್ಚ್ 4ರ ನಸುಕಿನಲ್ಲಿ ಹುಬ್ಬಳ್ಳಿ ಹಬ್ಬಿಗೆ ಆಗಮನ, ತೂಕ 2.4 ಕಿಲೋ. ಅದೇ ರಾತ್ರಿ 9.30ಕ್ಕೆ ಹುಬ್ಬಳ್ಳಿಯಿಂದ ನಿರ್ಗಮನ. ಮಾರ್ಚ್ 5ರ ಬೆಳಿಗ್ಗೆ 6.50ಕ್ಕೆ ಬೆಂಗಳೂರು ಹಬ್ಬಿಗೆ ಆಗಮನ. ಮುಂದೆ ಏನೂ ಇಲ್ಲ.

ನೋಡಿದವರು ಯಾರಾದರೂ ಪಾರ್ಸೆಲ್ ಬೆಂಗಳೂರಿನಲ್ಲಿ ಕಳೆಯಿತು ಎಂದೇ ಹೇಳುತ್ತಾರೆ. ಹಾಗಾಗಿರಲೇಬೇಕೆಂದಿಲ್ಲ. ಸಣ್ಣ ಪಾರ್ಸೆಲ್‌ಗಳನ್ನು ಒಂದೊಂದಾಗಿ ಲಾರಿಗೆ ಏರಿಸುವುದಿಲ್ಲ. ಒಂದೇ ಕಡೆಗೆ ಹೋಗುವವನ್ನೆಲ್ಲ ದೊಡ್ಡ ಚೀಲಕ್ಕೆ ತುಂಬಿ ಸೀಲ್ ಹಾಕುತ್ತಾರೆ. ಚೀಲಕ್ಕೂ ಒಂದು ನಂಬರ್ ಇರುತ್ತದೆ, ಒಳಗೆ ಯಾವ ಯಾವ ಡಾಕೆಟ್ ಇವೆ ಎಂಬ ಪಟ್ಟಿ ಕಂಪ್ಯೂಟರಿನಲ್ಲಿರುತ್ತದೆ. ಈ ಪಟ್ಟಿಗೆ ಮ್ಯಾನಿಫೆಸ್ಟ್ ಎಂದು ಹೆಸರು. ಚೀಲ ಇನ್ನೊಂದು ಹಬ್ಬಿಗೆ ಬಂದಾಗ ಅದರ ನಂಬರನ್ನು ಮಾತ್ರ ಸ್ಕ್ಯಾನ್ ಮಾಡಿದರೂ ಪಟ್ಟಿಯಲ್ಲಿರುವ ಎಲ್ಲ ಪಾರ್ಸೆಲ್‌ಗಳಿಗೂ 'ಆಗಮನ' ಎಂದು ಬೀಳಬಹುದು. ಒಳಗಿನ ಪೆಟ್ಟಿಗೆಯನ್ನು ಒಬ್ಬ ಮನುಷ್ಯ ಕೈಯಲ್ಲಿ ಹಿಡಿದು ಸ್ಕ್ಯಾನ್ ಮಾಡುವುದು ಚೀಲ ಬಿಚ್ಚಿದ ಮೇಲೆಯೇ. ಆಗ ಪಟ್ಟಿಯಲ್ಲಿರುವ ಪಾರ್ಸೆಲ್ ಚೀಲದಲ್ಲಿ ಸಿಗದಿದ್ದರೆ ಅದನ್ನು 'ಶಾರ್ಟ್' ಎಂದು ಬರೆದುಕೊಳ್ಳುತ್ತಾರೆ.

ಹಾಗಾಗಿ ಬೆಂಗಳೂರಿನ ಆ 6.50ರ ಸ್ಕ್ಯಾನ್ ಚೀಲದ್ದೋ ಪೆಟ್ಟಿಗೆಯದ್ದೋ ಎಂಬುದು ಮೊದಲು ತಿಳಿಯಬೇಕು. ಪೆಟ್ಟಿಗೆಯದ್ದಾದರೆ ಹುಡುಕಬೇಕಾದದ್ದು ಬೆಂಗಳೂರಿನಲ್ಲಿ. ಚೀಲದ್ದಾದರೆ ಪೆಟ್ಟಿಗೆ ಹುಬ್ಬಳ್ಳಿ ಬಿಟ್ಟೇ ಇರಲಿಕ್ಕಿಲ್ಲ. ಅಲ್ಲಿ ತೂಕ ಮಾಡಿದ್ದೇ ಅದನ್ನು ನಿಜವಾಗಿ ಕಂಡ ಕೊನೆಯ ಕ್ಷಣ. ಈ ಪ್ರಶ್ನೆಯನ್ನು ದೂರಿನಲ್ಲಿ ಕೇಳಿದರೆ ಉತ್ತರ ಕೊಡಬೇಕಾದವರು ಹಬ್ಬಿನ ದಾಖಲೆ ತೆಗೆಯಲೇಬೇಕಾಗುತ್ತದೆ. ಬರೀ 'ನನ್ನ ಪಾರ್ಸೆಲ್ ಎಲ್ಲಿ' ಎಂದು ಕೇಳಿದರೆ ಕಾಲ್ ಸೆಂಟರಿನವರು ನಮಗೆ ಕಾಣುವ ಅದೇ ತೆರೆ ನೋಡಿ ಅದೇ ನಾಲ್ಕು ಸಾಲು ಓದುತ್ತಾರೆ.

ಕಳೆದ ಪಾರ್ಸೆಲ್ ಎಂದರೆ ಕದ್ದದ್ದೇ ಎಂದು ತಿಳಿಯಬೇಕಿಲ್ಲ. ಮೇಲಿನ ಲೇಬಲ್ ಹರಿದೋ ಒದ್ದೆಯಾಗಿ ಅಳಿಸಿಯೋ ಹೋದರೆ ಪೆಟ್ಟಿಗೆ ಯಾರದೆಂದು ತಿಳಿಯದೆ ಹಬ್ಬಿನ ಮೂಲೆ ಸೇರುತ್ತದೆ. ಅಂಥವನ್ನು ಬಿಚ್ಚಿ ನೋಡಿ, ಒಳಗಿನ ವಸ್ತುವನ್ನು ಬಂದ ದೂರುಗಳ ಜೊತೆ ತಾಳೆ ನೋಡುವುದು ಉಳಿದಿರುವ ದಾರಿ. ಆಗ ದೂರಿನಲ್ಲಿ 'ಬಟ್ಟೆ' ಎಂದಷ್ಟೇ ಇದ್ದರೆ ಏನೂ ಸಿಗುವುದಿಲ್ಲ. 'ಕಂದು ರಟ್ಟಿನ ಪೆಟ್ಟಿಗೆ, ಸುತ್ತ ಕೆಂಪು ಟೇಪು. ಒಳಗೆ ಬಿಳಿ ಪ್ಲಾಸ್ಟಿಕ್ ಕವರಿನಲ್ಲಿ ಮೂರು ಇಳಕಲ್ ಸೀರೆ, ಒಂದು ಹಸಿರು, ಒಂದು ದಾಳಿಂಬೆ ಕೆಂಪು, ಒಂದು ನೀಲಿ. ಮೂರಕ್ಕೂ ಟೋಪ್ ತೆನಿ ಸೆರಗು' ಎಂದಿದ್ದರೆ ಗುರುತು ಹಿಡಿಯಬಹುದು. ಪೆಟ್ಟಿಗೆ ಕಟ್ಟುವಾಗ ತೆಗೆದ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಒಳಗೊಂದು ಚೀಟಿಯಲ್ಲಿ ಎರಡೂ ಕಡೆಯ ವಿಳಾಸ ಮತ್ತು ಫೋನ್ ನಂಬರ್ ಬರೆದಿಡುವ ಹಳೆಯ ರೂಢಿಗೆ ಇದೇ ಕಾರಣ.

ಕೆಲವೊಮ್ಮೆ ತೆರೆಯ ಮೇಲೆ Delivered ಎಂದೇ ಬಂದಿರುತ್ತದೆ, ಮನೆಗೆ ಮಾತ್ರ ಏನೂ ಬಂದಿರುವುದಿಲ್ಲ. ಆಗ ಕೇಳಬೇಕಾದದ್ದು ಪಿಓಡಿ, ಅಂದರೆ ಪಾರ್ಸೆಲ್ ಒಪ್ಪಿಸಿದ್ದಕ್ಕೆ ಸಾಕ್ಷಿ. ಯಾರ ಸಹಿ, ಎಷ್ಟು ಗಂಟೆಗೆ, ಓಟಿಪಿ ಯಾವ ಮೊಬೈಲಿಗೆ ಹೋಗಿತ್ತು ಎಂಬ ವಿವರ ಅದರಲ್ಲಿರಬೇಕು. ಅದನ್ನು ಕೊಡಲಾಗದವರು ಡೆಲಿವರಿ ಆಗಿದೆ ಎಂದು ವಾದಿಸುವುದು ಕಷ್ಟ.

ಇನ್ನು ರಸೀದಿ. ದುಡ್ಡಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ನಮ್ಮ ಶಿಕ್ಷಕಿಯ ರಸೀದಿಯಲ್ಲಿ ಸಾಗಣೆ ದರ 250 ರೂಪಾಯಿ, ಶೇ. 18 ಜಿಎಸ್‌ಟಿ 45 ರೂಪಾಯಿ, ಒಟ್ಟು 295. ವಸ್ತುವಿನ ಮೌಲ್ಯ ಎಂಬಲ್ಲಿ 18,400 ಎಂದು ಬರೆದಿದೆ. ಅಂಗಡಿಯ ಬಿಲ್ಲೂ ಅಷ್ಟೇ. ಕೆಳಗೊಂದು ಕಡೆ 'ಓನರ್ಸ್ ರಿಸ್ಕ್' ಎಂಬ ಚೌಕದಲ್ಲಿ ಗುರುತು. ಇದನ್ನು ಕೌಂಟರಿನವರೇ ಹಾಕಿಬಿಟ್ಟಿರುತ್ತಾರೆ, ಕಳಿಸುವವರು ಗಮನಿಸಿರುವುದಿಲ್ಲ. ಸಾಮಾನು ಹೋದರೆ ಹೊಣೆ ಕಳಿಸಿದವರದು ಎಂಬುದು ಅದರ ಧ್ವನಿ. ಪಕ್ಕದ 'ಕ್ಯಾರಿಯರ್ಸ್ ರಿಸ್ಕ್' ಆರಿಸಿದ್ದರೆ ಮೌಲ್ಯಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚಿನ ದರ ಕೊಡಬೇಕಾಗುತ್ತಿತ್ತು, ಹೊಣೆ ಕಂಪನಿಗೆ ಹೋಗುತ್ತಿತ್ತು.

ಹಾಗಾದರೆ ಶಿಕ್ಷಕಿಗೆ ಏನೂ ಸಿಗುವುದಿಲ್ಲವೇ? ಸಿಗುತ್ತದೆ. 2007ರ ರಸ್ತೆ ಸಾಗಣೆ ಕಾಯ್ದೆ 1865ರ ಹಳೆಯ ಸಾಗಣೆದಾರರ ಕಾಯ್ದೆಯ ಜಾಗಕ್ಕೆ ಬಂದದ್ದು. ಮನೆಯಿಂದ ಮನೆಗೆ ಸಾಮಾನು ಒಯ್ಯುವ ಕೊರಿಯರ್ ಸಂಸ್ಥೆಗಳನ್ನೂ ಅದು ಸಾಗಣೆದಾರರ ಸಾಲಿಗೆ ಸೇರಿಸಿದೆ. ಸಾಮಾನು ಕಳೆದರೆ ಕಂಪನಿಯ ನಿರ್ಲಕ್ಷ್ಯವನ್ನು ಗ್ರಾಹಕರು ಸಾಬೀತು ಮಾಡಬೇಕಾಗಿಲ್ಲ ಎಂದು ಆ ಕಾಯ್ದೆ ಹೇಳುತ್ತದೆ. ಇದು ದೊಡ್ಡ ಬಲ. ಹಬ್ಬಿನೊಳಗೆ ಏನಾಯಿತೆಂದು ಇಳಕಲ್ಲಿನಲ್ಲಿ ಕುಳಿತವರು ಹೇಗೆ ತೋರಿಸಿಯಾರು? ಪ್ರಕೃತಿ ವಿಕೋಪ, ಯುದ್ಧ, ಗಲಭೆ, ಸರ್ಕಾರದ ಜಪ್ತಿಯಂಥ ಕೆಲವು ಕಾರಣಗಳಿದ್ದರೆ ಮಾತ್ರ ಕಂಪನಿ ನುಣುಚಿಕೊಳ್ಳಬಹುದು.

ಆದರೆ ಅದೇ ಕಾನೂನು ಮೊತ್ತಕ್ಕೆ ಮಿತಿ ಹಾಕಿದೆ. ಹೆಚ್ಚಿನ ಅಪಾಯದ ದರ ಕೊಟ್ಟಿರದಿದ್ದರೆ ಸಾಗಣೆ ದರದ ಹತ್ತು ಪಟ್ಟಿನವರೆಗೆ ಮಾತ್ರ ಹೊಣೆ ಎಂದು 2011ರ ನಿಯಮಗಳು ಹೇಳುತ್ತವೆ. ಅದೂ ಘೋಷಿಸಿದ ಮೌಲ್ಯವನ್ನು ಮೀರುವಂತಿಲ್ಲ. 250ರ ಹತ್ತು ಪಟ್ಟು ಎಂದರೆ 2,500. ಹದಿನೆಂಟು ಸಾವಿರದ ಸೀರೆಗೆ ಎರಡೂವರೆ ಸಾವಿರ. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಎರಡು ಚೌಕಗಳ ವ್ಯತ್ಯಾಸವನ್ನು ಯಾವ ಕೌಂಟರಿನಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಸ್ಥಿತಿ ಹೀಗಿದೆ ಎಂದು ತಿಳಿದೇ ದೂರು ಬರೆಯಬೇಕು.

ಕೆಲವು ಕಂಪನಿಗಳ ರಸೀದಿಯ ಹಿಂಬದಿಯಲ್ಲಿ ಇನ್ನೂ ಕಡಿಮೆ ಮೊತ್ತ, ನೂರೋ ಇನ್ನೂರೋ ರೂಪಾಯಿ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಇಂಥ ಷರತ್ತಿನ ಬಗ್ಗೆ 1996ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಭಾರತಿ ನಿಟ್ಟಿಂಗ್ ಕಂಪನಿಯ ಪ್ರಕರಣ ಬಂದಿತ್ತು. ಜರ್ಮನಿಗೆ ಕಳಿಸಿದ ದಾಖಲೆಗಳು ಸಮಯಕ್ಕೆ ತಲುಪಲಿಲ್ಲವೆಂದು ಅವರು ನಾಲ್ಕು ಲಕ್ಷಕ್ಕೂ ಮೀರಿ ಪರಿಹಾರ ಕೇಳಿದ್ದರು. ಷರತ್ತುಗಳಿರುವ ಕಾಗದಕ್ಕೆ ಸಹಿ ಹಾಕಿದವರು ಅದಕ್ಕೆ ಬದ್ಧರು ಎಂದು ಹೇಳಿದ ನ್ಯಾಯಾಲಯ, ಕಾಗದದಲ್ಲಿದ್ದ 100 ಡಾಲರಿನ ಮಿತಿಯನ್ನೇ ಎತ್ತಿಹಿಡಿಯಿತು. ಕಳಿಸಿದವರ ಸಹಿಯೇ ಇಲ್ಲದ ರಸೀದಿಯ ಹಿಂಬದಿ ಷರತ್ತನ್ನು ಗ್ರಾಹಕ ಆಯೋಗಗಳು ಒಪ್ಪದ ಪ್ರಕರಣಗಳೂ ಇವೆ. ಹೀಗಾಗಿ ರಸೀದಿ ತಿರುಗಿಸಿ ನಿಮ್ಮ ಸಹಿ ಇದೆಯೇ ಎಂದು ನೋಡುವುದು ಪತ್ರ ಬರೆಯುವ ಮೊದಲ ಕೆಲಸ. ನಮ್ಮ ಶಿಕ್ಷಕಿ ಸಹಿ ಮಾಡಿಲ್ಲ. 'ಓನರ್ಸ್ ರಿಸ್ಕ್' ಗುರುತು ಹಾಕಿದ್ದೂ ಅವರಲ್ಲ. ಅದಕ್ಕೇ ಅವರು ಪೂರ್ತಿ ಮೌಲ್ಯ ಕೇಳುತ್ತಾರೆ. ಕೇಳುವ ಹಕ್ಕಿದೆ; ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ.

ಈಗ ಪತ್ರ. ಮಾರ್ಚ್ 17ರಂದು ಅವರು ಕಂಪನಿಯ ದೂರು ಅಧಿಕಾರಿಗೆ ಬರೆದದ್ದು ಹೀಗಿರಬಹುದು:

"ಮಾನ್ಯರೆ,

ವಿಷಯ: ಡಾಕೆಟ್ ನಂಬರ್ 71840026319, ಇಳಕಲ್‌ನಿಂದ ಮೈಸೂರಿಗೆ ಬುಕ್ ಮಾಡಿದ ಪಾರ್ಸೆಲ್ ತಲುಪದಿರುವ ಬಗ್ಗೆ ದೂರು ಮತ್ತು 2007ರ ರಸ್ತೆ ಸಾಗಣೆ ಕಾಯ್ದೆಯ 16ನೇ ಕಲಮಿನ ಪ್ರಕಾರ ನೋಟಿಸ್.

ಮೇಲಿನ ಪಾರ್ಸೆಲನ್ನು ನಾನು 3-3-2025ರಂದು ನಿಮ್ಮ ಇಳಕಲ್ ಶಾಖೆಯಲ್ಲಿ 295 ರೂಪಾಯಿ ಕೊಟ್ಟು ಬುಕ್ ಮಾಡಿದೆ. ತಲುಪಬೇಕಾದ ದಿನ 7-3-2025. ಇಂದಿನವರೆಗೂ ತಲುಪಿಲ್ಲ. ನಿಮ್ಮ ತಾಣದ ಪ್ರಕಾರ ಕೊನೆಯ ಸ್ಕ್ಯಾನ್ 5-3-2025ರ ಬೆಳಿಗ್ಗೆ 6.50ಕ್ಕೆ ಬೆಂಗಳೂರು ಹಬ್ಬಿನಲ್ಲಿ ಆಗಿದೆ. 10-3-2025ರಂದು ಫೋನ್ ಮೂಲಕ ದೂರು ಕೊಟ್ಟಿದ್ದೇನೆ, ದೂರಿನ ಸಂಖ್ಯೆ 20417. ಅದಕ್ಕೆ ಉತ್ತರ ಬಂದಿಲ್ಲ.

ಪೆಟ್ಟಿಗೆಯಲ್ಲಿ 18,400 ರೂಪಾಯಿ ಬೆಲೆಯ ಮೂರು ಇಳಕಲ್ ಸೀರೆಗಳಿದ್ದವು. ಈ ಮೌಲ್ಯವನ್ನು ಬುಕಿಂಗ್ ಸಮಯದಲ್ಲೇ ತಿಳಿಸಿದ್ದು, ರಸೀದಿಯಲ್ಲಿ ನಮೂದಾಗಿದೆ. ಪೆಟ್ಟಿಗೆಯ ಮತ್ತು ಸೀರೆಗಳ ಗುರುತಿನ ವಿವರ, ಫೋಟೋ ಲಗತ್ತಿಸಿದ್ದೇನೆ. ಹೊಣೆಯ ಮಿತಿಯ ಬಗ್ಗೆ ನಿಮ್ಮ ಸಿಬ್ಬಂದಿ ನನಗೆ ತಿಳಿಸಿಲ್ಲ, ಅಂಥ ಷರತ್ತಿಗೆ ನಾನು ಸಹಿ ಮಾಡಿಲ್ಲ.

5-3-2025ರ ಸ್ಕ್ಯಾನ್ ಚೀಲದ್ದೇ ಅಥವಾ ನನ್ನ ಪೆಟ್ಟಿಗೆಯದ್ದೇ, ಚೀಲ ಬಿಚ್ಚಿದಾಗ ಈ ಡಾಕೆಟ್ ಶಾರ್ಟ್ ಎಂದು ದಾಖಲಾಗಿದೆಯೇ ಎಂಬುದನ್ನು ಲಿಖಿತವಾಗಿ ತಿಳಿಸಿ. ಹುಬ್ಬಳ್ಳಿ ಮತ್ತು ಬೆಂಗಳೂರು ಹಬ್ಬುಗಳ ಆ ಎರಡು ದಿನಗಳ ಸಿಸಿಟಿವಿ ದೃಶ್ಯವನ್ನು ಅಳಿಸದೆ ಉಳಿಸಿಕೊಳ್ಳಿ.

24-3-2025ರೊಳಗೆ ಪಾರ್ಸೆಲ್ ಹುಡುಕಿ, ಒಳಗಿನ ವಸ್ತು ಕೆಡದಂತೆ ಮೈಸೂರಿನ ವಿಳಾಸಕ್ಕೆ ತಲುಪಿಸಬೇಕು. ಆಗದಿದ್ದರೆ ಅದು ಕಳೆದಿದೆ ಎಂದು ಲಿಖಿತವಾಗಿ ಒಪ್ಪಿ, ವಸ್ತುವಿನ ಬೆಲೆ 18,400 ಮತ್ತು ಸಾಗಣೆ ವೆಚ್ಚ 295, ಒಟ್ಟು 18,695 ರೂಪಾಯಿಯನ್ನು 1-4-2025ರೊಳಗೆ ಪಾವತಿಸಬೇಕು. ತಪ್ಪಿದಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಲಗತ್ತು: ಬುಕಿಂಗ್ ರಸೀದಿಯ ಎರಡೂ ಬದಿ, ಅಂಗಡಿ ಬಿಲ್, ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್, ಫೋಟೋಗಳು."

ಪತ್ರದಲ್ಲಿ ಬೈಗುಳವಿಲ್ಲ, ಮದುವೆಯ ಸುದ್ದಿಯೂ ಇಲ್ಲ. ಮದುವೆಗೆ ಸೀರೆ ಸಿಗಲಿಲ್ಲವೆಂಬ ನೋವಿಗೆ ಬೆಲೆ ಕಟ್ಟುವ ಅಧಿಕಾರ ಕಂಪನಿಯ ದೂರು ವಿಭಾಗಕ್ಕಿಲ್ಲ. ಆಯೋಗಕ್ಕಿದೆ, ಅಲ್ಲಿ ಹೇಳಿದರಾಯಿತು. ಕೇಳಿದ ಮೊತ್ತ ಕಾಗದದಲ್ಲಿ ತೋರಿಸಬಹುದಾದ ಮೊತ್ತವೇ. ಗಡುವು ಎರಡಿವೆ, ಒಂದು ಹುಡುಕುವುದಕ್ಕೆ, ಇನ್ನೊಂದು ಹಣಕ್ಕೆ. ಎರಡಕ್ಕೂ 'ಆದಷ್ಟು ಬೇಗ' ಎಂದು ಬರೆಯದೆ ತಾರೀಖು ಹಾಕಿದೆ. ಮುಂದೆ ಯಾವ ದಿನದಿಂದ ಅವರು ತಪ್ಪಿದರು ಎಂದು ತೋರಿಸಲು ಅದೇ ಬೇಕು.

16ನೇ ಕಲಮಿನ ಉಲ್ಲೇಖಕ್ಕೆ ಕಾರಣವಿದೆ. ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ, ಕಳೆದ ಸಾಮಾನಿಗಾಗಿ ಸಾಗಣೆದಾರರ ಮೇಲೆ ಕಾನೂನು ಕ್ರಮಕ್ಕೆ ಹೋಗುವಂತಿಲ್ಲ. ಮಾರ್ಚ್ 3ರಿಂದ ಎಣಿಸಿದರೆ ಆ ಗಡುವು ಆಗಸ್ಟ್ 30ಕ್ಕೆ ಮುಗಿಯುತ್ತದೆ. ಎಣಿಕೆ ಶುರುವಾಗುವುದು ಪಾರ್ಸೆಲ್ ಕಳೆದಿದೆ ಎಂದು ತಿಳಿದ ದಿನದಿಂದಲ್ಲ, ಬುಕಿಂಗ್ ದಿನದಿಂದ. 'ಇನ್ನೆರಡು ದಿನ' ಎಂಬ ಮಾತು ಕೇಳುತ್ತಾ ಫೋನಿನಲ್ಲೇ ತಿಂಗಳು ಕಳೆದವರಿಗೆ ಇಲ್ಲಿ ಏಟು ಬೀಳುತ್ತದೆ, ಏಕೆಂದರೆ ಫೋನ್ ಕರೆ ನೋಟಿಸ್ ಆಗುವುದಿಲ್ಲ. ಕಂಪನಿಯ ಷರತ್ತಿನಲ್ಲಿ ಇನ್ನೂ ಚಿಕ್ಕ ಗಡುವು ಇರಬಹುದು, ಸಿಸಿಟಿವಿ ದೃಶ್ಯವಂತೂ ಹೆಚ್ಚು ದಿನ ಉಳಿಯದು. ಹಾಗಾಗಿ ತಲುಪಬೇಕಾದ ದಿನ ಕಳೆದು ವಾರವಾಯಿತೆಂದರೆ ಬರೆದುಬಿಡಬೇಕು. ಇಮೇಲ್ ಮಾಡಿ, ಅದೇ ಪತ್ರವನ್ನು ಕಂಪನಿಯ ನೋಂದಾಯಿತ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿದರೆ ತಲುಪಿಲ್ಲ ಎನ್ನಲು ದಾರಿ ಇರದು.

ದೂರು ಕೊಡಬೇಕಾದವರು ಕಳಿಸಿದವರೇ, ಅಂದರೆ ಇಲ್ಲಿ ಇಳಕಲ್ಲಿನ ಅಕ್ಕ. ಕೊರಿಯರ್ ಕಂಪನಿ ದುಡ್ಡು ಪಡೆದದ್ದು ಅವರಿಂದ, ಒಪ್ಪಂದವಾದದ್ದೂ ಅವರೊಂದಿಗೆ. ಆನ್‌ಲೈನ್‌ನಲ್ಲಿ ಕೊಂಡ ವಸ್ತು ಬಾರದಿದ್ದರೆ ಕಥೆ ಬೇರೆ. ಅಲ್ಲಿ ಕೊರಿಯರನ್ನು ಗೊತ್ತುಮಾಡಿದ್ದು ಮಾರಾಟಗಾರರು, ನಾವು ಹಿಡಿಯಬೇಕಾದದ್ದು ಅವರನ್ನೇ. ಅಂಥ ತಾಣಗಳ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆಯೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ.

ಒಂದು ಎಚ್ಚರಿಕೆ. ಕಂಪನಿಯ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ್ದಕ್ಕೆ ಫೋನ್ ಮಾಡಬೇಡಿ. ಪಾರ್ಸೆಲ್ ಕಳೆದ ಗಾಬರಿಯಲ್ಲಿ ಹುಡುಕುವವರಿಗಾಗಿಯೇ ಕಾದಿರುವ ನಕಲಿ ಕಸ್ಟಮರ್ ಕೇರ್ ನಂಬರುಗಳಿವೆ. ವಿಳಾಸ ಸರಿಪಡಿಸಲು ಐದು ರೂಪಾಯಿ ಕಟ್ಟಿ ಎಂದು ಲಿಂಕ್ ಕಳಿಸುತ್ತಾರೆ, ಒತ್ತಿದರೆ ಖಾತೆಯೇ ಖಾಲಿ. ರಸೀದಿಯ ಮೇಲಿರುವ ನಂಬರನ್ನಷ್ಟೇ ನಂಬಿ. ಡಾಕೆಟ್ ನಂಬರನ್ನು ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕುವುದೂ ಇಂಥವರನ್ನು ಕರೆದಂತೆ.

ಏಪ್ರಿಲ್ 1 ದಾಟಿದರೂ ಉತ್ತರವಿಲ್ಲ, ಅಥವಾ 'ನಿಯಮದಂತೆ 2,500 ಕೊಡುತ್ತೇವೆ' ಎಂಬ ಉತ್ತರ ಬಂತು ಎನ್ನಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ. ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ತರಿಸುತ್ತಾರೆ. ಎಷ್ಟೋ ಪ್ರಕರಣ ಅಲ್ಲಿಗೇ ಮುಗಿಯುವುದುಂಟು. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದಾಗಿ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ಶಿಕ್ಷಕಿಗೆ ಬಾಗಲಕೋಟೆ ಸಾಕು. ಕೊಟ್ಟ ಬೆಲೆ ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, e-jagriti.gov.in ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು, ಅವಧಿ ಎರಡು ವರ್ಷ. ಅಲ್ಲಿ ಸೀರೆಯ ಬೆಲೆಯ ಜೊತೆಗೆ ಮಾನಸಿಕ ಕಿರುಕುಳಕ್ಕೂ ಖರ್ಚಿಗೂ ಪರಿಹಾರ ಕೇಳಬಹುದು. ವ್ಯಾಪಾರಕ್ಕಾಗಿ ಸಾಮಾನು ಕಳಿಸುವವರು ಮಾತ್ರ ಒಂದು ತೊಡಕನ್ನು ನೆನಪಿಡಬೇಕು: ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಗ್ರಾಹಕರಲ್ಲ ಎಂದು ಕಂಪನಿಯ ವಕೀಲರು ತಕರಾರು ತೆಗೆಯುವ ಸಾಧ್ಯತೆ ಅವರಿಗೆ ಹೆಚ್ಚು.

ಬಹಳ ಸಲ ಇಷ್ಟು ದೂರ ಹೋಗುವ ಮೊದಲೇ ಕಂಪನಿಯವರು ಒಂದು ಮೊತ್ತಕ್ಕೆ ಬರುತ್ತಾರೆ. ಹತ್ತು ಸಾವಿರ ಕೊಡುತ್ತೇವೆ ಎಂದರೆನ್ನಿ. ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಹತ್ತು ಪಟ್ಟಿನ ಮಿತಿಯನ್ನು ನೆನೆದರೆ ಶಿಕ್ಷಕಿಗೆ ಅದು ತೆಗೆದುಹಾಕುವಂಥ ಮೊತ್ತವಲ್ಲ. ಹಣದ ಜೊತೆ ಸಹಿಗೆ ಒಂದು ಕಾಗದವೂ ಬರುತ್ತದೆ. ಅದರಲ್ಲಿ 'ಪೂರ್ಣ ಮತ್ತು ಅಂತಿಮ' ಎಂಬ ಮಾತಿದ್ದರೆ ಸಹಿ ಮಾಡಿದ ಮೇಲೆ ಉಳಿದದ್ದನ್ನು ಕೇಳುವುದು ಕಷ್ಟ. ಇನ್ನೊಂದನ್ನೂ ಅದರಲ್ಲೇ ಬರೆಸಿಕೊಳ್ಳಬೇಕು: ಮುಂದೆ ಪೆಟ್ಟಿಗೆ ಸಿಕ್ಕರೆ ಏನು? ಲೇಬಲ್ ಹರಿದ ಪೆಟ್ಟಿಗೆಗಳು ತಿಂಗಳುಗಳ ನಂತರ ಹೊರಬರುವುದುಂಟು. ಸಿಕ್ಕ ಕೂಡಲೇ ಕಳಿಸಿದವರಿಗೆ ತಿಳಿಸಬೇಕು, ಪಡೆದ ಹಣ ಮರಳಿಸಿ ಸೀರೆ ಪಡೆಯುವ ಆಯ್ಕೆ ಅವರಿಗಿರಬೇಕು ಎಂಬ ಒಂದು ಸಾಲು ಸೇರಿಸಿ ಎಂದು ಕೇಳಿದರೆ ಕಂಪನಿಗೆ ನಷ್ಟವೇನಿಲ್ಲ. ಆ ಸಾಲು ಬಂದ ಮೇಲೆ ಸಹಿ ಮಾಡಿ, ಒಂದು ಪ್ರತಿ ತಮ್ಮಲ್ಲಿ ಇಟ್ಟುಕೊಂಡರೆ ಆಯಿತು.